"ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ": ಇದರಲ್ಲಿ ತಪ್ಪಿದೆ ಅಂತ ನಮ್ಮ ಕಿವಿಗೆ ಯಾಕೆ ಗೊತ್ತಾಗಲ್ಲ?

ಹಾಸನದ ಸಿಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಸ್ಟಾಫ್ ನರ್ಸ್. ಯುಕೆಗೆ ಹೋಗುವ ಯೋಚನೆ ಇದೆ, ಅದಕ್ಕೆ ಐಇಎಲ್‌ಟಿಎಸ್‌ಗೆ ಓದುತ್ತಿದ್ದೇನೆ. ಅಲ್ಲಿನ ನರ್ಸಿಂಗ್ ನೋಂದಣಿಗೆ ಸ್ಪೀಕಿಂಗ್‌ನಲ್ಲಿ 7 ಬೇಕು. ಮಾಕ್ ಟೆಸ್ಟ್‌ನಲ್ಲಿ 6.5 ದಾಟುತ್ತಿಲ್ಲ. ಮಾತು ಸರಾಗವಾಗಿದೆ, ಆದರೆ ಪ್ರೆಸೆಂಟ್ ಪರ್ಫೆಕ್ಟ್ ಮತ್ತು ಸಿಂಪಲ್ ಪಾಸ್ಟ್ ಕಲಸಿಬಿಡುತ್ತೀರಿ ಅಂತ ಹೇಳಿದರು. ನಿಯಮ ಗೊತ್ತಿದೆ. ಬಿಟ್ಟ ಸ್ಥಳ ತುಂಬಿ ಅಂದರೆ ಎಲ್ಲ ಸರಿ ಮಾಡುತ್ತೇನೆ. ಬಾಯಿ ಬಿಟ್ಟರೆ ಮಾತ್ರ ಕೆಡುತ್ತದೆ.

ಕ್ಯೂ ಕಾರ್ಡ್‌ನಲ್ಲಿ ನೀವು ಹೋಗಿದ್ದ ಒಂದು ಜಾಗದ ಬಗ್ಗೆ ಹೇಳಿ ಅಂತ ಇತ್ತು. ರೆಕಾರ್ಡಿಂಗ್ ಕೇಳಿ ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದೇನೆ:

"ಐ ಹ್ಯಾವ್ ವಿಸಿಟೆಡ್ ಚಿಕ್ಕಮಗಳೂರು ಲಾಸ್ಟ್ ಡಿಸೆಂಬರ್. ಐ ಹ್ಯಾಡ್ ಗಾನ್ ವಿತ್ ಮೈ ಕಸಿನ್ಸ್. ವಿ ಹ್ಯಾವ್ ಸ್ಟೇಡ್ ಇನ್ ಎ ಹೋಮ್‌ಸ್ಟೇ ಫಾರ್ ಟೂ ಡೇಸ್. ಆನ್ ಸಂಡೇ ಮಾರ್ನಿಂಗ್ ವಿ ಕ್ಲೈಂಬ್ಡ್ ಮುಳ್ಳಯ್ಯನಗಿರಿ. ಐ ನೆವರ್ ಸಾ ಸಚ್ ಮಿಸ್ಟ್ ಬಿಫೋರ್. ಐ ಆಮ್ ಟೆಲಿಂಗ್ ಎವರಿವನ್ ಅಬೌಟ್ ಇಟ್ ಸಿನ್ಸ್ ದೆನ್."

ಎಲ್ಲೆಲ್ಲಿ ತಪ್ಪಿದೆ, ಯಾಕೆ ಹೀಗಾಗುತ್ತದೆ, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಗ್ರಾಮರ್ ಗರಡಿ

ಸಿಸ್ಟರ್, ಕಾರಣ ತುಂಬಾ ಸಿಂಪಲ್. ಕನ್ನಡದಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಅನ್ನೋದೇ ಇಲ್ಲ. ನಮಗೆ ಇರುವುದು ಭೂತ, ವರ್ತಮಾನ, ಭವಿಷ್ಯತ್, ಮೂರೇ. ಇಲ್ಲದ ವಸ್ತುವನ್ನು ಬಳಸಲು ಹೋದಾಗ ತಪ್ಪಾಗುವುದು ಸಹಜ. ನಮ್ಮ ಬ್ಯಾಚಿನಲ್ಲಿ ನಾನು ಹೇಳಿಕೊಡುವುದು ಇಷ್ಟೇ: ಇತ್ತೀಚೆಗೆ ಆಗಿದ್ದರೆ ಹ್ಯಾವ್ ಹಾಕಿ, ಹಳೆಯದಾದರೆ ಸಿಂಪಲ್ ಪಾಸ್ಟ್. ಜೊತೆಗೆ ಯೆಸ್ಟರ್ಡೇ, ಲಾಸ್ಟ್, ಅಗೋ ಅಂತ ಬಂದರೆ ಹ್ಯಾವ್ ಬೇಡ. ಮುಗಿಯಿತು.

ಹಳೇ ಮೇಷ್ಟ್ರು

ಗರಡಿಯವರೇ, ಕೊನೆಯ ವಾಕ್ಯ ಸರಿ. ಅದಕ್ಕಿಂತ ಮುಂಚಿನದ್ದನ್ನು ಒಪ್ಪಲಾರೆ.

ಕನ್ನಡದಲ್ಲಿ ಇಲ್ಲ ಅನ್ನುವುದು ಹೇಗೆ? "ಅತ್ತೆ ಬಂದರು", "ಅತ್ತೆ ಬಂದಿದ್ದಾರೆ", "ಅತ್ತೆ ಬಂದಿದ್ದರು". ಮೂರಕ್ಕೂ ಅರ್ಥ ಬೇರೆ ಬೇರೆ ಅಂತ ಸ್ಕೂಲಿಗೆ ಹೋಗದ ಮಗುವಿಗೂ ಗೊತ್ತು. "ಬಂದಿದ್ದಾರೆ" ಅಂದರೆ ಅತ್ತೆ ಈಗಲೂ ನಡುಮನೆಯಲ್ಲಿ ಕೂತಿದ್ದಾರೆ, ಕಾಫಿ ಇಡಬೇಕು. "ಬಂದಿದ್ದರು" ಅಂದರೆ ಬಂದು ಹೋದರು. ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ಕೂಡ ಹೀಗೇ ಆಗಿ ಹೋದದ್ದನ್ನು ಈಗಿನ ಸ್ಥಿತಿಗೆ ಕಟ್ಟುತ್ತದೆ. ಇಲ್ಲದ್ದರಿಂದ ತಪ್ಪಾಗುತ್ತಿಲ್ಲ. ಹೆಚ್ಚು ಕಡಿಮೆ ಅದೇ ಇದೆ, ಆದರೆ ಕಟ್ಟುಪಾಡು ಬೇರೆ. ತೊಂದರೆ ಅಲ್ಲಿ.

ನೋಡಿ, "ಅತ್ತೆ ನಿನ್ನೆ ಬಂದಿದ್ದಾರೆ" ಅನ್ನುತ್ತೇವೆ. ಯಾರಿಗೂ ತಪ್ಪು ಅನ್ನಿಸುವುದಿಲ್ಲ. ನಿನ್ನೆ ಬಂದರು, ಇನ್ನೂ ಇದ್ದಾರೆ, ಎರಡೂ ಒಂದೇ ವಾಕ್ಯದಲ್ಲಿ ಹಿಡಿಸುತ್ತದೆ. ಇಂಗ್ಲಿಷ್ ಇದಕ್ಕೆ ಒಪ್ಪುವುದಿಲ್ಲ. ಅಲ್ಲಿ ಮುಗಿದುಹೋದ ಕಾಲದ ಹೆಸರು ಹೇಳಿದ ತಕ್ಷಣ ಹ್ಯಾವ್ ಹೊರಗೆ. ಅತ್ತೆ ಇನ್ನೂ ಸೋಫಾದ ಮೇಲೇ ಕೂತಿದ್ದರೂ "ಶಿ ಕೇಮ್ ಯೆಸ್ಟರ್ಡೇ" ಅಂತಲೇ ಹೇಳಬೇಕು.

ಇನ್ನು "ಇತ್ತೀಚೆಗೆ ಆಗಿದ್ದರೆ ಹ್ಯಾವ್" ಅನ್ನುವುದು. ಐದು ನಿಮಿಷದ ಹಿಂದೆ ಫೋನ್ ಬಂತು ಅನ್ನಿ. "ಹಿ ಹ್ಯಾಸ್ ಕಾಲ್ಡ್ ಫೈವ್ ಮಿನಿಟ್ಸ್ ಅಗೋ" ತಪ್ಪು. ಹಂಪಿಯನ್ನು ಇಪ್ಪತ್ತು ವರ್ಷದ ಹಿಂದೆ ನೋಡಿದ್ದರೂ, ಯಾವಾಗ ಅಂತ ಹೇಳದೆ "ಐ ಹ್ಯಾವ್ ಸೀನ್ ಹಂಪಿ" ಅಂದರೆ ಸರಿ. ಹತ್ತಿರವೋ ದೂರವೋ ಅನ್ನುವುದರಿಂದ ಇದು ತೀರ್ಮಾನ ಆಗುವುದಿಲ್ಲ.

ಧಾರವಾಡ ಪೇಡೆ

ಮೇಷ್ಟ್ರ, ನಮ್ಮ ಕಡೆ "ನಿನ್ನೆ ಬಂದೀನ್ರಿ", "ಮೊನ್ನೆ ಹೇಳೀನಲ್ಲ" ಅಂತನ ದಿನಾ ಮಾತಾಡ್ತೀವಿ. ಹಂಗಂದ್ರ ನಮ್ಮ ಮಂದಿಗೆ ಈ ರೋಗ ಜಾಸ್ತಿನ ಅನ್ರಿ.

ಹಳೇ ಮೇಷ್ಟ್ರು

ಜಾಸ್ತಿ ಅಂತ ಹೇಳಲಾರೆ. ಆದರೆ ನಿಮ್ಮ "ಬಂದೀನಿ" ನಮ್ಮ "ಬಂದಿದ್ದೇನೆ"ಯೇ, ಸವೆದು ಚಿಕ್ಕದಾಗಿದೆ. ನಿನ್ನೆ, ಮೊನ್ನೆ ಎಲ್ಲದರ ಜೊತೆ ಆರಾಮವಾಗಿ ಕೂರುತ್ತದೆ.

ಇಷ್ಟಕ್ಕೂ ಇದು ಬರೀ ಆಡುಮಾತಿನ ಕಥೆ ಅಲ್ಲ. ಯಾವ ಕನ್ನಡ ಪತ್ರಿಕೆ ಬೇಕಾದರೂ ತೆಗೆಯಿರಿ. "ಭಾನುವಾರ ರಾತ್ರಿ ಲಾರಿ ಡಿಕ್ಕಿಯಾಗಿ ಇಬ್ಬರು ಗಾಯಗೊಂಡಿದ್ದಾರೆ." "ಸೋಮವಾರ ಸಚಿವರು ಹೇಳಿದ್ದಾರೆ." ಸುದ್ದಿಯ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ "ಇದ್ದಾರೆ, ಇದ್ದಾರೆ". ಇಂಗ್ಲಿಷ್ ಸುದ್ದಿಯಲ್ಲಿ ಇಬ್ಬರು ಗಾಯಗೊಂಡಿದ್ದಾರೆ ಅಂತ ಹ್ಯಾವ್ ಇಟ್ಟು ಶುರು ಮಾಡಬಹುದು. ಯಾವಾಗ, ಎಲ್ಲಿ, ಹೇಗೆ ಅಂತ ಹೇಳಲು ಹೊರಟ ಕೂಡಲೇ ಸಿಂಪಲ್ ಪಾಸ್ಟ್‌ಗೆ ಇಳಿಯುತ್ತಾರೆ.

ಅರ್ಜಿಗಳನ್ನು ನೋಡಿ. "ದಿನಾಂಕ 12ರಂದು ಅರ್ಜಿ ಸಲ್ಲಿಸಿರುತ್ತೇನೆ." ತಾಲೂಕು ಕಚೇರಿಗೆ ನಾವೆಲ್ಲ ಬರೆಯುವುದು ಹೀಗೇ ಅಲ್ವಾ? ಐಇಎಲ್‌ಟಿಎಸ್‌ನ ಜನರಲ್ ಟ್ರೇನಿಂಗ್ ಪರೀಕ್ಷೆಯಲ್ಲಿ ಬರವಣಿಗೆಯ ಮೊದಲ ಟಾಸ್ಕ್ ಪತ್ರ. ಅಲ್ಲಿ ನಮ್ಮ ಹುಡುಗರು "ಐ ಹ್ಯಾವ್ ಬಾಟ್ ದಿಸ್ ಫ್ರಿಜ್ ಆನ್ 12ತ್ ಮೇ" ಅಂತ ದೂರು ಶುರು ಮಾಡುತ್ತಾರೆ. ಅದು ಆ ಅರ್ಜಿಯ ಭಾಷೆಯೇ. "ಬಾಟ್" ಸಾಕು. ಫ್ರಿಜ್ ಇನ್ನೂ ರಿಪೇರಿ ಆಗಿಲ್ಲ ಅನ್ನುವಾಗ "ಯೂ ಹ್ಯಾವ್ ನಾಟ್ ರಿಪೇರ್ಡ್ ಇಟ್ ಯೆಟ್" ಅಂತ ಹ್ಯಾವ್ ಬರಲಿ.

ತುರುವೇಕೆರೆ ತೆಂಗು

ಸಾರ್ ನನಗೂ ಇದೇ ಡೌಟು. "ಡಿಡ್ ಯೂ ವೆಂಟ್" ಅನ್ನಬೇಕಾ "ಡಿಡ್ ಯೂ ಗೋ" ಅನ್ನಬೇಕಾ? ನನ್ನ ಮಗಳು ವೆಂಟ್ ತಪ್ಪು ಅಂತಾಳೆ. ಆಗಿಹೋದ ವಿಷಯ ಅಂದ ಮೇಲೆ ವೆಂಟ್ ಬರಲೇಬೇಕಲ್ಲ?

ಹಳೇ ಮೇಷ್ಟ್ರು

ಮಗಳು ಹೇಳಿದ್ದೇ ಸರಿ ತೆಂಗಿನವರೇ. ಆಗಿಹೋದದ್ದು ಅಂತ ಡಿಡ್ ಹೇಳಿಯಾಯಿತು, ಮತ್ತೆ ವೆಂಟ್ ಬೇಡ. ಆದರೆ ಇಲ್ಲಿರುವ ಪ್ರಶ್ನೆ ಬೇರೆ.

ಈಗ ಸಿಸ್ಟರ್ ಅವರ ಉತ್ತರಕ್ಕೆ ಬರುತ್ತೇನೆ. ನನಗೆ ಇದರಲ್ಲಿ ತುಂಬಾ ಸ್ವಾರಸ್ಯ ಕಂಡದ್ದು ಎರಡನೇ ವಾಕ್ಯ.

ಮೊದಲ ವಾಕ್ಯ "ಹ್ಯಾವ್ ವಿಸಿಟೆಡ್ ಲಾಸ್ಟ್ ಡಿಸೆಂಬರ್". ಇದರ ಬಗ್ಗೆ ಆಗಲೇ ಹೇಳಿದೆ, "ವಿಸಿಟೆಡ್" ಆಗಬೇಕು. ಎರಡನೆಯದು "ಐ ಹ್ಯಾಡ್ ಗಾನ್ ವಿತ್ ಮೈ ಕಸಿನ್ಸ್". ಈ ಹ್ಯಾಡ್ ಎಲ್ಲಿಂದ ಬಂತು? ಕನ್ನಡದಲ್ಲಿ ನೀವು ಏನು ಹೇಳುತ್ತೀರಿ? "ಹೋದ ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿಗೆ ಹೋಗಿದ್ದೆ." "ಹೋದೆ" ಅನ್ನುವುದಿಲ್ಲ. "ಹೋದೆ" ಅಂದರೆ ಕೇಳುವವರು "ಆಮೇಲೆ?" ಅಂತ ಕಾಯುತ್ತಾರೆ. ಹೋಗಿ ವಾಪಸ್ ಬಂದಾಯಿತು, ಆ ಕಥೆ ಅಲ್ಲಿಗೆ ಮುಗಿಯಿತು ಅನ್ನಲು ನಮಗೆ "ಹೋಗಿದ್ದೆ" ಬೇಕು. ಅದನ್ನು ಇಂಗ್ಲಿಷಿಗೆ ತಂದರೆ ನೇರವಾಗಿ "ಹ್ಯಾಡ್ ಗಾನ್" ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಹ್ಯಾಡ್ ಬರಬೇಕಾದರೆ ಹಿಂದಿನ ಕಾಲದ್ದೇ ಇನ್ನೊಂದು ಘಟನೆ ಇರಬೇಕು, ಇದು ಅದಕ್ಕಿಂತ ಮುಂಚೆ ಆಗಿರಬೇಕು. ಸುಮ್ನೆ "ಐ ಹ್ಯಾಡ್ ಗಾನ್" ಅಂದರೆ ಯಾವುದಕ್ಕಿಂತ ಮುಂಚೆ ಅಂತ ಪರೀಕ್ಷಕರು ಕಾಯುತ್ತಾರೆ. ಹಾಗಾಗಿ "ಐ ವೆಂಟ್ ವಿತ್ ಮೈ ಕಸಿನ್ಸ್".

ಮೂರನೆಯದು "ವಿ ಸ್ಟೇಡ್". ನಾಲ್ಕನೆಯದು ಸರಿ ಇದೆ. ನೋಡಿ, ಅಲ್ಲಿ "ಆನ್ ಸಂಡೇ ಮಾರ್ನಿಂಗ್" ಮೊದಲೇ ಬಂದಿದೆ. ಇದು ನೆನಪಿರಲಿ, ಮತ್ತೆ ಬರುತ್ತೇನೆ.

ಐದನೆಯದರಲ್ಲಿ ತಮಾಷೆ ಇದೆ. ಬೇಡದ ಕಡೆ ಹ್ಯಾಡ್ ಹಾಕಿದಿರಿ, ಬೇಕಾದ ಕಡೆ ಬಿಟ್ಟಿರಿ. ಬೆಟ್ಟ ಹತ್ತಿದ್ದು ಒಂದು ಘಟನೆ, ಅದಕ್ಕಿಂತ ಮುಂಚೆ ಅಂಥ ಮಂಜು ನೋಡಿರಲಿಲ್ಲ. "ಐ ಹ್ಯಾಡ್ ನೆವರ್ ಸೀನ್ ಸಚ್ ಮಿಸ್ಟ್ ಬಿಫೋರ್." ಕನ್ನಡದ "ನೋಡಿರಲಿಲ್ಲ" ಇಲ್ಲಿ ಪಕ್ಕಾ ಹೊಂದುತ್ತದೆ.

ಆರನೆಯದು ಇನ್ನೂ ಬೇರೆ. "ಆವಾಗಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ." ಇಲ್ಲಿ ನಮಗೆ ವರ್ತಮಾನವೇ ಸಾಕು, "ಇಂದ" ಅಂದರೆ ಹಿಂದಿನ ಕೊಂಡಿ ಬಂದಾಯಿತು. ಇಂಗ್ಲಿಷಿಗೆ "ಹ್ಯಾವ್ ಬೀನ್ ಟೆಲಿಂಗ್" ಬೇಕು. ಅಂದರೆ ಹ್ಯಾವ್ ನಿಜವಾಗಿ ಬೇಕಾದ ಜಾಗದಲ್ಲಿ ಕನ್ನಡ ಅದನ್ನು ಕೇಳುವುದಿಲ್ಲ, ಬೇಡದ ಜಾಗದಲ್ಲಿ ಕೊಡುತ್ತದೆ.

ಹಾಸನದ ಸಿಸ್ಟರ್

ಮೇಷ್ಟ್ರೇ, "ಹೋಗಿದ್ದೆ" ವಿಷಯ ಯಾರೂ ಹೇಳಿರಲಿಲ್ಲ. ವಾರ್ಡಿನಲ್ಲೂ "ಡಾಕ್ಟರ್ ಹ್ಯಾಡ್ ಕಮ್ ಇನ್ ದಿ ಮಾರ್ನಿಂಗ್" ಅಂತಲೇ ನಾವೆಲ್ಲ ಹೇಳುವುದು. ಬಂದಿದ್ದರು, ಹೋದರು!

ಸ್ಟುಟ್‌ಗಾರ್ಟ್ ಕನ್ನಡಿಗ

ಇಲ್ಲಿ ಜರ್ಮನ್ ಕಲಿಯುವಾಗ ನನಗೆ ಇದೇ ವಿಷಯದಲ್ಲಿ ಆರಾಮ ಅನ್ನಿಸಿತು. ಜರ್ಮನ್ನರು "ಇಖ್ ಹಾಬೆ ಇನ್ ಗೆಸ್ಟರ್ನ್ ಗೆಝೇಯೆನ್" ಅನ್ನುತ್ತಾರೆ. ಪದಕ್ಕೆ ಪದ ಇಟ್ಟರೆ "ಐ ಹ್ಯಾವ್ ಹಿಮ್ ಯೆಸ್ಟರ್ಡೇ ಸೀನ್". ಅಲ್ಲಿ ಅದು ಪೂರ್ತಿ ಸರಿ. ಅದಕ್ಕೇ ನಮ್ಮ ಆಫೀಸಿನ ಜರ್ಮನ್ನರೂ ಇಂಗ್ಲಿಷಿನಲ್ಲಿ ನಮ್ಮ ಹಾಗೇ ತಪ್ಪುತ್ತಾರೆ. ಮೀಟಿಂಗಿನಲ್ಲಿ ನಾನೂ ಅವರೂ "ವಿ ಹ್ಯಾವ್ ಡಿಸ್ಕಸ್ಡ್ ದಿಸ್ ಲಾಸ್ಟ್ ವೀಕ್" ಅಂದಾಗ ಇಂಗ್ಲೆಂಡಿನ ಸಹೋದ್ಯೋಗಿ ಒಬ್ಬನೇ ಮುಖ ಹುಳಿ ಮಾಡುವುದು.

ಬನಶಂಕರಿ ಬಸ್ಸು

ನನಗೆ ಒಂದು ಅರ್ಥ ಆಗುತ್ತಿಲ್ಲ. ಇಡೀ ದೇಶ "ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ" ಅನ್ನುತ್ತದೆ, ಎಲ್ಲರಿಗೂ ಅರ್ಥ ಆಗುತ್ತದೆ. ಅದು ಇಂಡಿಯನ್ ಇಂಗ್ಲಿಷ್. ಅಮೆರಿಕದವರು "ಐ ಆಲ್ರೆಡಿ ಏಟ್" ಅಂದರೆ ಅದು ಶೈಲಿ, ನಾವು ಹೇಳಿದರೆ ತಪ್ಪಾ?

ಗ್ರಾಮರ್ ಗರಡಿ

ಹೌದು, ಅಮೆರಿಕನ್ ಇಂಗ್ಲಿಷಿನಲ್ಲಿ ಎರಡೂ ನಡೆಯುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಡೌಟ್ ಬಂದರೆ "ನಾನು ಅಮೆರಿಕನ್ ಸ್ಟೈಲ್" ಅಂದುಕೊಂಡು ಏನಾದರೂ ಹಾಕಬಹುದು.

ಹಳೇ ಮೇಷ್ಟ್ರು

ಇಲ್ಲ ಗರಡಿಯವರೇ, ಸಡಿಲ ಇರುವುದು ಒಂದೇ ದಿಕ್ಕಿನಲ್ಲಿ. ಬ್ರಿಟಿಷರು "ಐ ಹ್ಯಾವ್ ಆಲ್ರೆಡಿ ಈಟನ್" ಅನ್ನುವಲ್ಲಿ ಅಮೆರಿಕದವರು "ಐ ಆಲ್ರೆಡಿ ಏಟ್" ಅಂತಲೂ ಅನ್ನುತ್ತಾರೆ. ಜಸ್ಟ್, ಯೆಟ್ ಜೊತೆಗೂ ಹಾಗೇ. ಆದರೆ "ಹ್ಯಾವ್ ಈಟನ್ ಯೆಸ್ಟರ್ಡೇ" ಅನ್ನುವುದು ಎರಡೂ ಕಡೆ ನಡೆಯುವುದಿಲ್ಲ. ಅಂದರೆ ಅಮೆರಿಕನ್ ಶೈಲಿ ನಿಮಗೆ ಹ್ಯಾವ್ ಬಿಡಲು ಅನುಮತಿ ಕೊಡುತ್ತದೆ. ಹೆಚ್ಚಿಗೆ ಹಾಕಲು ಕೊಡುವುದಿಲ್ಲ. ನಮ್ಮವರದ್ದು ಹೆಚ್ಚಿಗೆ ಹಾಕುವ ಕಾಯಿಲೆ.

ಬಸ್ಸಿನವರ ಪ್ರಶ್ನೆ ನ್ಯಾಯವಾದದ್ದೇ. ಇಂಡಿಯನ್ ಇಂಗ್ಲಿಷಿನ ಲಕ್ಷಣ ಅಂತ ಭಾಷಾ ವಿದ್ವಾಂಸರೂ ಇದನ್ನು ಗುರುತಿಸುತ್ತಾರೆ. ಬೆಂಗಳೂರಿನ ಆಫೀಸಿನಲ್ಲಿ ಹೇಳಿದರೆ ನಾನು ತಿದ್ದಲು ಹೋಗುವುದಿಲ್ಲ. ಫೀಸು ಕಟ್ಟಿ ಪರೀಕ್ಷೆಗೆ ಕೂತ ಮೇಲೆ ಅದರ ಅಳತೆಗೋಲು ಒಪ್ಪಲೇಬೇಕಲ್ಲ.

ಬನಶಂಕರಿ ಬಸ್ಸು

ಅಳತೆಗೋಲು ಅವರದ್ದು, ಫೀಸು ನಮ್ಮದು. ನನಗೆ ಒಪ್ಪಿಗೆ ಇಲ್ಲ, ಬಿಡಿ.

ಲೀಡ್ಸ್ ರಾತ್ರಿಪಾಳಿ

ಸಿಸ್ಟರ್, ನಾನು ಮಂಗಳೂರಿನವಳು, ಇಲ್ಲಿ ನರ್ಸ್. ಬಸ್ಸಿನಣ್ಣ ಎಲ್ಲರಿಗೂ ಅರ್ಥ ಆಗುತ್ತದೆ ಅಂದರಲ್ಲ, ಯಾವಾಗಲೂ ಆಗುವುದಿಲ್ಲ. ಎರಡು ಉದಾಹರಣೆ ಹೇಳುತ್ತೇನೆ.

ಒಂದು, ಇಂಟರ್‌ವ್ಯೂ. ಗೆಳತಿ ತನ್ನ ಹಳೆಯ ಆಸ್ಪತ್ರೆಯ ಬಗ್ಗೆ "ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಟೂ ಇಯರ್ಸ್" ಅಂದಳು. ಎದುರಿದ್ದವರು "ಹಾಗಾದರೆ ನೋಟಿಸ್ ಪೀರಿಯಡ್ ಎಷ್ಟು?" ಅಂತ ಕೇಳಿದರು. ಅವಳು ಆ ಕೆಲಸ ಬಿಟ್ಟು ಎಷ್ಟೋ ಕಾಲ ಆಗಿತ್ತು. ಹ್ಯಾವ್ ಕೇಳಿದವರು ಇನ್ನೂ ಅಲ್ಲೇ ಇದ್ದಾಳೆ ಅಂದುಕೊಂಡರು. "ಐ ವರ್ಕ್ಡ್ ದೇರ್ ಫಾರ್ ಟೂ ಇಯರ್ಸ್" ಅಂದಿದ್ದರೆ ಆ ಗೊಂದಲ ಇರುತ್ತಿರಲಿಲ್ಲ. ಬೇರೆ ಸುಳಿವು ಇಲ್ಲದಿದ್ದರೆ ಇವರ ಕಿವಿಗೆ ಹ್ಯಾವ್ ಅಂದರೆ ಇನ್ನೂ ನಡೆಯುತ್ತಿದೆ, ಇಲ್ಲದಿದ್ದರೆ ಮುಗಿದಿದೆ.

ಇನ್ನೊಂದು, ಹ್ಯಾಂಡೋವರ್. "ಶಿ ವಾಸ್ ಆನ್ ಆಕ್ಸಿಜನ್ ಸಿನ್ಸ್ ಮಾರ್ನಿಂಗ್" ಅಂದರೆ ಮುಂದಿನ ಪಾಳಿಯವರು ಈಗ ತೆಗೆದಿದ್ದೀರಾ ಅಂತ ಕೇಳುತ್ತಾರೆ. "ಹ್ಯಾಸ್ ಬೀನ್ ಆನ್ ಆಕ್ಸಿಜನ್ ಸಿನ್ಸ್ ಮಾರ್ನಿಂಗ್" ಅಂದರೆ ಈಗಲೂ ಇದೆ. ಬಿಪಿ ಮಾತ್ರ ಆರು ಗಂಟೆಗೆ ನೋಡಿದ್ದು, ಅದು "ವಾಸ್". ಆಸ್ಪತ್ರೆ ಕೆಲಸದವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಓಇಟಿ ಬರೆಯುವವರಿಗೆ ರೆಫರಲ್ ಪತ್ರದಲ್ಲಿ ಇದೇ ಆಟ. ಅಡ್ಮಿಟ್ ಆದ ತಾರೀಕು, ಆಪರೇಷನ್ ತಾರೀಕು ಎಲ್ಲ ಸಿಂಪಲ್ ಪಾಸ್ಟ್. ಅಂದಿನಿಂದ ಇಂದಿಗೂ ತೆಗೆದುಕೊಳ್ಳುತ್ತಿರುವ ಮಾತ್ರೆಗೆ "ಹ್ಯಾಸ್ ಬೀನ್ ಟೇಕಿಂಗ್". ಕೇಸ್ ನೋಟ್ಸ್‌ನಲ್ಲಿ ತಾರೀಕುಗಳೇ ತುಂಬಿರುವುದರಿಂದ ಮೊದಲು ಪ್ರತಿ ಸಾಲಿನ ಪಕ್ಕ "ಮುಗಿದಿದೆ", "ಇನ್ನೂ ಇದೆ" ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಆಮೇಲೆ ಪತ್ರ ಬರೆಯುವುದು ಸುಲಭ.

ಹಾಸನದ ಸಿಸ್ಟರ್

ಬರೆಯುವಾಗ ಪೆನ್ಸಿಲ್ ಇದೆ ಅಕ್ಕಾ. ಮಾತಾಡುವಾಗ ಏನು ಮಾಡುವುದು?

ಹಳೇ ಮೇಷ್ಟ್ರು

ಅದಕ್ಕೇ ನಾಲ್ಕನೇ ವಾಕ್ಯ ನೆನಪಿರಲಿ ಅಂದದ್ದು. ಕನ್ನಡದಲ್ಲಿ ಸಾಮಾನ್ಯವಾಗಿ ಕಾಲ ಮೊದಲು ಬರುತ್ತದೆ, ಕ್ರಿಯಾಪದ ಕೊನೆಗೆ. "ನಿನ್ನೆ ನಾನು ಅವನನ್ನು ನೋಡಿದೆ." ಕ್ರಿಯಾಪದ ಹೇಳುವ ಹೊತ್ತಿಗೆ "ನಿನ್ನೆ" ಬಾಯಿಂದ ಆಚೆ ಬಂದಿರುತ್ತದೆ. ಇಂಗ್ಲಿಷಿನಲ್ಲಿ ತಿರುಗುಮುರುಗು. ಕ್ರಿಯಾಪದ ಮೊದಲು, "ಯೆಸ್ಟರ್ಡೇ" ಕೊನೆಗೆ. ನೀವು "ಐ ಹ್ಯಾವ್ ಸೀನ್" ಅಂದು ಮುಗಿಸಿದ ಮೇಲೆ ಕಾಲದ ಪದ ನೆನಪಾಗುತ್ತದೆ. ಅಷ್ಟರಲ್ಲಿ ತಪ್ಪು ಆಗಿ ಹೋಗಿರುತ್ತದೆ. ಬಿಟ್ಟ ಸ್ಥಳ ತುಂಬುವಾಗ ಇಡೀ ವಾಕ್ಯ ಕಣ್ಣ ಮುಂದೆ ಇರುತ್ತದೆ, ಅದಕ್ಕೇ ಅಲ್ಲಿ ತಪ್ಪುವುದಿಲ್ಲ.

ಹಾಗಾಗಿ ಇಂಗ್ಲಿಷಿನಲ್ಲೂ ಕಾಲವನ್ನು ಮುಂದಕ್ಕೆ ತನ್ನಿ. "ಲಾಸ್ಟ್ ಡಿಸೆಂಬರ್, ಐ ವೆಂಟ್ ಟು ಚಿಕ್ಕಮಗಳೂರು." ಇದು ಶುದ್ಧ ಇಂಗ್ಲಿಷೇ. ನೀವೇ ನೋಡಿ, ನಿಮ್ಮ ರೆಕಾರ್ಡಿಂಗ್‌ನಲ್ಲಿ ಕಾಲ ಮೊದಲು ಬಂದ ವಾಕ್ಯ ಒಂದೇ, ಅದೇ ಸರಿ ಬಂದಿದೆ. ಪಾರ್ಟ್ ಟೂನಲ್ಲಿ ತಯಾರಿಗೆ ಒಂದು ನಿಮಿಷ, ಕಾಗದ, ಪೆನ್ಸಿಲ್ ಕೊಡುತ್ತಾರೆ. ಕಾಗದದ ಮೇಲೆ ಮೊದಲು ಬರೆಯಬೇಕಾದ್ದು ಕಾಲದ ಪದ. ಅದನ್ನೇ ಹಿಡಿದು ಶುರು ಮಾಡಿ. ಆಮೇಲೆ ಕಥೆ ಪೂರ್ತಿ ಸಿಂಪಲ್ ಪಾಸ್ಟ್‌ನಲ್ಲಿ ಹರಿಯಲಿ. ಪ್ರತಿ ವಾಕ್ಯಕ್ಕೂ ಕಾಲ ಹೇಳಬೇಕಾಗಿಲ್ಲ, ಹಾಗೆ ಮಾಡಿದರೆ ಪಾಠ ಒಪ್ಪಿಸಿದ ಹಾಗಿರುತ್ತದೆ.

ಪಾರ್ಟ್ ಒನ್ ಮತ್ತು ತ್ರೀಯಲ್ಲಿ "ಹ್ಯಾವ್ ಯೂ ಎವರ್" ಅಂತ ಕೇಳಿದರೆ ಎಚ್ಚರ. ಕನ್ನಡದಲ್ಲಿ "ಹಂಪಿ ನೋಡಿದ್ದೀರಾ?" ಅಂದರೆ "ಹ್ಞೂಂ, ಹೋದ ವರ್ಷ ನೋಡಿದ್ದೀನಿ" ಅಂತ ಅದೇ ರೂಪದಲ್ಲಿ ಮುಂದುವರಿಯುತ್ತೇವೆ. ಇಂಗ್ಲಿಷಿನಲ್ಲಿ "ಯೆಸ್, ಐ ಹ್ಯಾವ್" ಅಂದ ಮೇಲೆ ಗೇರ್ ಬದಲಿಸಬೇಕು: "ಐ ವೆಂಟ್ ದೇರ್ ಲಾಸ್ಟ್ ಇಯರ್."

ಗ್ರಾಮರ್ ಗರಡಿ

ಕಾಲ ಮುಂದಕ್ಕೆ ತರುವುದು ಒಳ್ಳೆಯ ಉಪಾಯ, ಒಪ್ಪಿದೆ. ಆದರೆ ಸಿಸ್ಟರ್, ಒಂದು ತಪ್ಪಿಗೆ ಅರ್ಧ ಬ್ಯಾಂಡ್ ಹೋಗುತ್ತದೆ, ಹುಷಾರು.

ಲೀಡ್ಸ್ ರಾತ್ರಿಪಾಳಿ

ಸುಮ್ನೆ ಹೆದರಿಸಬೇಡಿ ಸರ್. ತಪ್ಪು ಎಣಿಸಿ ಅಂಕ ಕಳೆಯುವ ಲೆಕ್ಕ ಅಲ್ಲಿಲ್ಲ. ಸ್ಪೀಕಿಂಗ್‌ನಲ್ಲಿ ನಾಲ್ಕು ವಿಷಯ ನೋಡುತ್ತಾರೆ, ನಾಲ್ಕಕ್ಕೂ ಸಮಾನ ತೂಕ: ಸರಾಗ, ಪದಗಳು, ವ್ಯಾಕರಣ, ಉಚ್ಚಾರಣೆ. ವ್ಯಾಕರಣದಲ್ಲಿ 7 ಅಂದರೆ ತಪ್ಪೇ ಇಲ್ಲದ ವಾಕ್ಯಗಳು ಆಗಾಗ ಬರುತ್ತಿರಬೇಕು, ಕೆಲವು ತಪ್ಪು ಉಳಿದರೂ ನಡೆಯುತ್ತದೆ. ಸಿಸ್ಟರ್ ಅವರ ತೊಂದರೆ ಏನೆಂದರೆ ಆರು ವಾಕ್ಯದಲ್ಲಿ ಐದಕ್ಕೂ ಇದೇ ತಾಗಿದೆ. ಇದೊಂದು ಸರಿಹೋದರೆ ಅಷ್ಟೂ ವಾಕ್ಯ ಶುದ್ಧ ಆಗುತ್ತದೆ. ಹಾಗಂತ ಮಾತಿನ ಮಧ್ಯೆ ನಿಂತು ಪ್ರತಿ ಹ್ಯಾವ್ ತಿದ್ದಲು ಹೋದರೆ ಸರಾಗದಲ್ಲಿ ಕೊಟ್ಟು ವ್ಯಾಕರಣದಲ್ಲಿ ತೆಗೆದುಕೊಂಡ ಹಾಗೆ.

ಕರಾವಳಿ ಕಾಗೆ

ನನ್ನದೊಂದು ಉಪಾಯ ಉಂಟು, ಹೇಳಲಾ? ಗೊಂದಲ ಆದರೆ ವಾಕ್ಯವನ್ನು ಕನ್ನಡದಲ್ಲಿ ಇಲ್ಲ ಮಾಡಿ ನೋಡುವುದು. "ಮಾಡಲಿಲ್ಲ" ಬಂದರೆ ಡಿಡ್ ನಾಟ್, "ಮಾಡಿಲ್ಲ" ಬಂದರೆ ಹ್ಯಾವ್ ನಾಟ್. ನಮ್ಮ ಟೀಚರ್ ಹೇಳಿಕೊಟ್ಟದ್ದು. ಆದರೆ ನನಗೆ ಅದು ಕೆಲಸ ಮಾಡುವುದೇ ಇಲ್ಲ. ನಮ್ಮಲ್ಲಿ "ಬಸ್ಸು ಇನ್ನೂ ಬರ್ಲಿಲ್ಲ" ಅಂತಲೇ ಹೇಳುವುದು. ಆಗ "ದಿ ಬಸ್ ಡಿಡ್ ನಾಟ್ ಕಮ್ ಯೆಟ್" ಆಗುತ್ತದೆ.

ಹಳೇ ಮೇಷ್ಟ್ರು

ಮೈಸೂರು ಕಡೆಯವರಿಗೆ ಆ ಉಪಾಯ ಅರ್ಧ ಕೆಲಸ ಮಾಡುತ್ತದೆ. "ಇನ್ನೂ" ಅಂದ ಮೇಲೆ ಅವರ ಬಾಯಲ್ಲಿ "ಬಂದಿಲ್ಲ"ವೇ ಬರುತ್ತದೆ. ಆದರೆ ಅವರೂ "ನಿನ್ನೆ ಬಂದಿಲ್ಲ" ಅನ್ನುತ್ತಾರಲ್ಲ, ಅಲ್ಲಿ ಉಪಾಯ ಕೈಕೊಡುತ್ತದೆ. ಕರಾವಳಿಯವರಿಗೆ ನಾನಂತೂ ಶಿಫಾರಸು ಮಾಡುವುದಿಲ್ಲ.

ಧಾರವಾಡ ಪೇಡೆ

ನನಗ ಅದು ಛಲೋ ಕೆಲಸ ಮಾಡ್ತದ ಬಿಡ್ರಿ. ಊರು ನೋಡಿ ಉಪಾಯ ಹುಡುಕಬೇಕು ಅಂತ ಕಾಣಸ್ತದ.

ಹಾಸನದ ಸಿಸ್ಟರ್

ನೈಟ್ ಡ್ಯೂಟಿ ಬ್ರೇಕ್‌ನಲ್ಲಿ ಮತ್ತೆ ರೆಕಾರ್ಡ್ ಮಾಡಿದೆ. ಇದ್ದ ಹಾಗೇ ಹಾಕುತ್ತಿದ್ದೇನೆ:

"ಲಾಸ್ಟ್ ಡಿಸೆಂಬರ್, ಐ ವೆಂಟ್ ಟು ಚಿಕ್ಕಮಗಳೂರು ವಿತ್ ಮೈ ಕಸಿನ್ಸ್. ವಿ ಸ್ಟೇಡ್ ಇನ್ ಎ ಹೋಮ್‌ಸ್ಟೇ ಫಾರ್ ಟೂ ಡೇಸ್. ಆನ್ ಸಂಡೇ ಮಾರ್ನಿಂಗ್ ವಿ ಕ್ಲೈಂಬ್ಡ್ ಮುಳ್ಳಯ್ಯನಗಿರಿ. ಐ ಹ್ಯಾಡ್ ನೆವರ್ ಸೀನ್ ಸಚ್ ಮಿಸ್ಟ್ ಬಿಫೋರ್. ಮೈ ಕಸಿನ್ ಹ್ಯಾಸ್ ಟೇಕನ್ ಎ ಲಾಟ್ ಆಫ್ ಫೋಟೋಸ್ ದೇರ್. ಐ ಹ್ಯಾವ್ ಬೀನ್ ಟೆಲಿಂಗ್ ಎವರಿವನ್ ಅಬೌಟ್ ಇಟ್ ಎವರ್ ಸಿನ್ಸ್."

ಹಳೇ ಮೇಷ್ಟ್ರು

ಫೋಟೋ ವಾಕ್ಯ ಒಂದನ್ನು ನೋಡಿ. ಅಲ್ಲಿ ಕಾಲದ ಪದ ಇಲ್ಲ, ಆದರೂ "ಟುಕ್" ಬೇಕು. ಬೆಟ್ಟದ ಮೇಲೆ ಆ ಭಾನುವಾರ ನಡೆದ ಕಥೆಯ ಒಳಗೇ ಇದ್ದೀರಿ, "ದೇರ್" ಬೇರೆ ಅಂದಿದ್ದೀರಿ. "ತುಂಬಾ ಫೋಟೋ ತೆಗೆದಿದ್ದಾಳೆ" ಅನ್ನುವ ಕನ್ನಡ ಅಲ್ಲಿ ನುಸುಳಿದೆ. ಮಿಕ್ಕದ್ದಕ್ಕೆ ನನ್ನ ತಕರಾರಿಲ್ಲ.

ತುರುವೇಕೆರೆ ತೆಂಗು

ಸಾರ್, ಹಾಗಾದರೆ "ಡಿಡ್ ಯೂ ಟುಕ್" ಅನ್ನಬಹುದಾ?